ಐಕಾನ್ ದೊಡ್ಡದು ಮಾಡಿದ್ರೆ ಮುಗೀತಾ?

1/7

ಈ ಸಲ ಟ್ರಿಪ್ ಫೋಟೋ ಇಲ್ಲ. ಈ ಏಳು ಪೋಸ್ಟೂ ಅಪ್ಪನ ಫೋನಿನ ಬಗ್ಗೆ.

ನಾನು ಮನೆಗೆ ನಾಲ್ಕನೇ ಮಗು, ಕೊನೆಯವಳು. ಅದಕ್ಕೇ ನಿಮ್ಮಲ್ಲಿ ಸುಮಾರು ಜನರ ತಾತನ ವಯಸ್ಸು ನಮ್ಮಪ್ಪಂದು. ಅರವತ್ತೆಂಟು. ತಿಪಟೂರು ಕಡೆ ಹಳ್ಳಿ, ರಿಟೈರ್ಡ್ ಮೇಷ್ಟ್ರು, ಈಗ ಪೂರ್ತಿ ತೋಟ. ಬಲಗಣ್ಣಿಗೆ ಪೊರೆ ಆಪರೇಷನ್ ಆಗಿದೆ, ಎಡಗಣ್ಣಿಗೆ ಇನ್ನೂ ಆಗಬೇಕು.

ಯುಗಾದಿಗೆ ಊರಿಗೆ ಹೋಗಿದ್ದಾಗ ಅಪ್ಪ ಫೋನನ್ನ ಕೈ ಉದ್ದ ದೂರ ಹಿಡ್ಕೊಂಡು ಕಣ್ಣು ಕಿರಿದು ಮಾಡ್ತಾ ಇದ್ರು. ‘ಕೊಡಿಲ್ಲಿ’ ಅಂತ ಇಸ್ಕೊಂಡೆ. ಅಕ್ಷರ ಪೂರ್ತಿ ದೊಡ್ಡದು ಮಾಡಿದೆ. ಐಕಾನ್ ದೊಡ್ಡದು ಮಾಡಿದೆ. ಬೇಡ ಅನ್ಸಿದ್ದೆಲ್ಲ ಹೋಮ್ ಸ್ಕ್ರೀನಿಂದ ತೆಗೆದೆ. ಹತ್ತೇ ನಿಮಿಷ. ‘ಈಗ ನೋಡಿ, ಎಷ್ಟು ಸುಲಭ’ ಅಂದೆ. ಅಪ್ಪ ತಲೆ ಆಡಿಸಿದ್ರು. ನಾನು ಬಸ್ ಹತ್ತಿ ಬೆಂಗಳೂರಿಗೆ ಬಂದೆ.

ಎರಡು ವಾರ ಆದ್ಮೇಲೆ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ಮಣಿಕಟ್ಟು ಮುರಿದಿತ್ತು. ಅಪ್ಪ ಅಣ್ಣನಿಗೆ ಫೋನ್ ಮಾಡೋಕೆ ನೋಡಿದ್ರೆ ಸ್ಕ್ರೀನ್ ಮೇಲೆ ಫೋನಿನ ಐಕಾನೇ ಇಲ್ಲ. ಫೋನ್ ಕೆಟ್ಟೋಯ್ತು ಅನ್ಕೊಂಡು, ಅಮ್ಮನ್ನ ಜಗಲಿ ಮೇಲೆ ಕೂರಿಸಿ, ಪಕ್ಕದ ತೋಟದ ಮನೆ ತನಕ ನಡ್ಕೊಂಡು ಹೋಗಿ, ಅಲ್ಲಿಂದ ಫೋನ್ ಮಾಡಿಸಿದ್ರು.

ಅಮ್ಮ ಈಗ ಚೆನ್ನಾಗಿದಾರೆ. ಆದ್ರೆ ಫೋನ್ ಕೆಟ್ಟಿರಲಿಲ್ಲ. ಅದನ್ನ ಹಾಗೆ ಮಾಡಿಟ್ಟು ಬಂದಿದ್ದು ನಾನು.

ನನ್ನ ವಾದ ಇಷ್ಟೇ: ವಯಸ್ಸಾದವರ ಫೋನಲ್ಲಿ ಮೊದಲು ಮಾಡಬೇಕಾದ್ದು ದೊಡ್ಡದು ಮಾಡೋದಲ್ಲ, ಯಾವುದೂ ಜಾಗ ಬಿಟ್ಟು ಕದಲದ ಹಾಗೆ ಮಾಡೋದು. ದೊಡ್ಡದು ಮಾಡೋದು ಆಮೇಲಿನ ಮಾತು. ಅದನ್ನೂ ಅವರ ಪಕ್ಕ ಕೂತು ಮಾಡಬೇಕು, ಕೈಯಿಂದ ಕಿತ್ಕೊಂಡು ಅಲ್ಲ.

2/7: ಐಕಾನ್ ಎಲ್ಲಿಗೆ ಹೋಗಿತ್ತು?

ಮುಂದಿನ ಶನಿವಾರ ಊರಿಗೆ ಹೋಗಿ ಅಪ್ಪನ ಪಕ್ಕ ಸುಮ್ನೆ ಕೂತೆ. ‘ಅಣ್ಣನಿಗೆ ಫೋನ್ ಮಾಡಿ’ ಅಂದು ಬೆರಳನ್ನ ನೋಡ್ತಾ ಇದ್ದೆ.

ನಾವು ಸ್ಕ್ರೀನ್ ಮುಟ್ಟೋದು ಮುಟ್ಟೀ ಮುಟ್ಟದ ಹಾಗೆ. ಅಪ್ಪ ಒತ್ತುತ್ತಾರೆ, ಕಾಲಿಂಗ್ ಬೆಲ್ ಒತ್ತಿದ ಹಾಗೆ. ತೋಟದ ಕೆಲಸ ಮಾಡಿ ಬೆರಳ ತುದಿ ಗಟ್ಟಿ, ಒಣಕಲು. ಮೆಲ್ಲಗೆ ಮುಟ್ಟಿದ್ರೆ ಕೆಲವು ಸಲ ಸ್ಕ್ರೀನಿಗೆ ಗೊತ್ತೇ ಆಗಲ್ಲ. ಅದಕ್ಕೇ ಅವರು ಒತ್ತಿ ಹಿಡಿಯೋದು ಕಲ್ತಿದಾರೆ. ಫೋನಿಗೆ ಅದು ಬೇರೆಯೇ ಅರ್ಥ. ಒತ್ತಿ ಹಿಡಿದ್ರೆ ಐಕಾನ್ ಪಕ್ಕ ಒಂದು ಚಿಕ್ಕ ಪಟ್ಟಿ ತೆರೆಯುತ್ತೆ, ಅದರಲ್ಲಿ Remove ಅಂತಲೂ ಇರುತ್ತೆ. ಏನೋ ಕೇಳ್ತಿದೆ ಅಂತ ಅಪ್ಪ ಅದನ್ನ ಒತ್ತಿರ್ತಾರೆ. ಐಕಾನ್ ಮಾಯ. ಆ್ಯಪ್ ಫೋನಲ್ಲೇ ಇದೆ, ಬಾಗಿಲು ಮಾತ್ರ ಇಲ್ಲ.

ಐಕಾನ್ ಎಷ್ಟು ದೊಡ್ಡದಿದ್ರೂ ಇದು ತಪ್ಪಲ್ಲ. ಇದಕ್ಕೆ ಬೇಕಾದ ಸೆಟ್ಟಿಂಗೇ ಬೇರೆ. ಅಪ್ಪಂದು ಸ್ಯಾಮ್‌ಸಂಗ್, ಹಾಗಾಗಿ ಅದರ ಹೆಸರುಗಳನ್ನೇ ಬರೀತೀನಿ. ಬೇರೆ ಆಂಡ್ರಾಯ್ಡ್ ಫೋನಲ್ಲಿ ಪದ ಸ್ವಲ್ಪ ಆಚೀಚೆ ಇರಬಹುದು, Settings ಮೇಲಿನ ಹುಡುಕೋ ಪಟ್ಟೀಲಿ ಟೈಪ್ ಮಾಡಿ ನೋಡಿ.

ಮೊದಲನೇದು, ಹೋಮ್ ಸ್ಕ್ರೀನ್‌ಗೆ ಬೀಗ. `Settings > Home screen > Lock Home screen layout`. ಇದನ್ನ ಆನ್ ಮಾಡಿದ್ರೆ ಎಷ್ಟು ಹೊತ್ತು ಒತ್ತಿ ಹಿಡಿದ್ರೂ ಐಕಾನ್ ಕದಲಲ್ಲ, ತೆಗೆಯೋಕೂ ಆಗಲ್ಲ. ಅದೇ ಪಟ್ಟೀಲಿ `Add new apps to Home screen` ಅಂತ ಇದ್ರೆ ಅದನ್ನ ಆಫ್ ಮಾಡಿ. ಇಲ್ಲದಿದ್ರೆ ಯಾರೋ ಒಂದು ಆ್ಯಪ್ ಹಾಕಿದ ತಕ್ಷಣ ಅದು ಬಂದು ಖಾಲಿ ಜಾಗದಲ್ಲಿ ಕೂರುತ್ತೆ.

ಎರಡನೇದು, ಎಷ್ಟು ಹೊತ್ತು ಹಿಡಿದ್ರೆ ಫೋನು ಅದನ್ನ ‘ಒತ್ತಿ ಹಿಡಿದಿದ್ದು’ ಅಂತ ಲೆಕ್ಕ ಹಾಕಬೇಕು ಅನ್ನೋದು. `Settings > Accessibility > Interaction and dexterity > Touch and hold delay`. ಇದನ್ನ Long ಮಾಡಿ. ಬೀಗ ಇರೋದು ಹೋಮ್ ಸ್ಕ್ರೀನಿಗೆ ಮಾತ್ರ, ಇದು ವಾಟ್ಸಾಪ್ ಒಳಗೂ ಕೆಲಸಕ್ಕೆ ಬರುತ್ತೆ. ‘ಮೆಸೇಜ್ ಓದೋಕೆ ಹೋದ್ರೆ ಬಣ್ಣ ಬದಲಾಗಿ ಮೇಲೆ ಏನೇನೋ ಬರುತ್ತೆ’ ಅಂತ ನಿಮ್ಮ ಮನೇಲಿ ಯಾರಾದ್ರೂ ಹೇಳಿದಾರಾ? ಅದು ಇದೇ ಕಾಯಿಲೆ.

ಈ ಎರಡಕ್ಕೂ ಸೇರಿ ಮೂರು ನಿಮಿಷ. ಯುಗಾದಿಯಲ್ಲಿ ನಾನು ಇದನ್ನ ಮಾಡ್ದೆ ಬಿಟ್ಟಿದ್ದೆ.

3/7: ‘ಈಸಿ ಮೋಡ್ ಆನ್ ಮಾಡು, ಮುಗೀತು’

ನಿಮ್ಮಲ್ಲಿ ಅರ್ಧ ಜನ ಇದನ್ನೇ ಹೇಳ್ತೀರಾ. `Settings > Display > Easy mode`. ಆನ್ ಮಾಡಿದ್ರೆ ಐಕಾನ್, ಅಕ್ಷರ ಎಲ್ಲ ದೊಡ್ಡದಾಗುತ್ತೆ, ಒತ್ತಿ ಹಿಡಿಯೋ ಹೊತ್ತು ಹೆಚ್ಚಾಗುತ್ತೆ, ಕೀಬೋರ್ಡಿನ ಬಣ್ಣ ಎದ್ದು ಕಾಣೋ ಹಾಗೆ ಬದಲಾಗುತ್ತೆ. ಒಳ್ಳೇದೇ. ಮೊದಲನೇ ಸಲ ಸ್ಮಾರ್ಟ್‌ಫೋನ್ ಹಿಡಿಯೋರಿಗೆ ನಾನೂ ಅದನ್ನೇ ಹೇಳ್ತೀನಿ.

ಆದ್ರೆ ನಮ್ಮಪ್ಪ ನಾಲ್ಕು ವರ್ಷದಿಂದ ಫೋನ್ ಬಳಸ್ತಿದಾರೆ. ಈಸಿ ಮೋಡ್ ಹಾಕಿದ್ರೆ ಹೋಮ್ ಸ್ಕ್ರೀನ್ ಜೋಡಣೆಯೇ ಬೇರೆ ಆಗುತ್ತೆ. ಹಳೇ ಜಾಗದಲ್ಲಿ ಹಳೇ ಐಕಾನ್ ಇರಲ್ಲ. ನಮಗದು ದೊಡ್ಡ ವಿಷಯ ಅಲ್ಲ, ಕಣ್ಣಲ್ಲಿ ಹುಡುಕ್ತೀವಿ. ಕಣ್ಣು ಮಂಜಾದವರು ಐಕಾನನ್ನ ಹುಡುಕೋದು ಕಡಿಮೆ, ಅದರ ಜಾಗ ನೆನಪಿಟ್ಕೊಂಡಿರ್ತಾರೆ. ಅಪ್ಪನ್ನ ಕೇಳಿದೆ, ವಾಟ್ಸಾಪ್ ಹೇಗೆ ಗುರುತು ಹಿಡೀತೀರಾ ಅಂತ. ‘ಕೆಳಗಡೆ ಸಾಲಲ್ಲಿ ಬಲಗಡೆ ಕೊನೇದು’ ಅಂದ್ರು. ಹಸಿರು ಬಣ್ಣದ ಮಾತೇ ಬರಲಿಲ್ಲ. ಅಡುಗೆಮನೇಲಿ ಅಮ್ಮ ಕತ್ತಲಲ್ಲೂ ಉಪ್ಪಿನ ಡಬ್ಬಿಗೆ ಕೈ ಹಾಕ್ತಾರಲ್ಲ, ಹಾಗೆ. ಡಬ್ಬಿ ದೊಡ್ಡದು ಮಾಡಿ ಬೇರೆ ಶೆಲ್ಫಲ್ಲಿ ಇಟ್ರೆ ಅದು ಸಹಾಯ ಅಲ್ಲ.

ಹಾಗಾಗಿ ಈಸಿ ಮೋಡ್ ಬಿಟ್ಟು ಕೈಯಲ್ಲೇ ಜೋಡಿಸಿದೆ. ಅದಕ್ಕೆ ಮೊದಲು ಒಂದು ದಿನ ಪೂರ್ತಿ ಅಪ್ಪ ಫೋನಲ್ಲಿ ಏನೇನು ಮಾಡ್ತಾರೆ ಅಂತ ಹಳೇ ನೋಟ್‌ಬುಕ್ಕಲ್ಲಿ ಬರ್ಕೊಂಡೆ. ಅಣ್ಣ, ದೊಡ್ಡಕ್ಕ, ಪಂಪಿನ ಮೆಕ್ಯಾನಿಕ್, ಈ ಮೂರು ಜನಕ್ಕೆ ಫೋನು. ವಾಟ್ಸಾಪಲ್ಲಿ ಕೊಬ್ಬರಿ ರೇಟು. ಯೂಟ್ಯೂಬಲ್ಲಿ ಹರಿಕಥೆ. ಅಂಗಡಿಗೆ ಯುಪಿಐ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಪಂಪ್‌ಹೌಸಿಗೆ ಹೋಗೋಕೆ ಟಾರ್ಚು. ಅಷ್ಟೇ.

ನಾನು ಯುಗಾದಿಗೆ ಮಾಡಿದ್ದ ‘ಸಿಂಪಲ್’ ಸ್ಕ್ರೀನಲ್ಲಿ ಹವಾಮಾನ ಇತ್ತು, ಗ್ಯಾಲರಿ ಇತ್ತು, ಕ್ಯಾಲೆಂಡರ್ ಇತ್ತು. ಯುಪಿಐ ತೆಗೆದಿದ್ದೆ. ಟಾರ್ಚಿನ ನೆನಪೇ ಬಂದಿರಲಿಲ್ಲ. ನನಗೆ ಸಿಂಪಲ್ ಅನ್ಸಿದ್ದನ್ನ ಅಪ್ಪನ ಮೇಲೆ ಹೇರಿದ್ದೆ.

4/7: ಯುಪಿಐ ಯಾಕೆ ತೆಗೆದೆ ಅಂತ ಅಪ್ಪ ಕೇಳಿದ್ರು

ಮೋಸ ಆಗುತ್ತೆ ಅಂತ ಭಯ ಇತ್ತು, ಅದಕ್ಕೆ ತೆಗೆದೆ ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ್ರು: ‘ಮೂವತ್ತು ವರ್ಷ ಶಾಲೆ ದುಡ್ಡಿನ ಲೆಕ್ಕ ಬರೆದಿದೀನಿ ಮಗ. ಎರಡು ವಾರದಿಂದ ಅಂಗಡೀಲಿ ಸಾಲ ಹೇಳಿ ಬರ್ತಿದೀನಿ.’

ನನಗೆ ಮುಖ ಎತ್ತೋಕೆ ಆಗಲಿಲ್ಲ.

ಸರಳ ಮಾಡೋದು ಬೇರೆ, ಕಿತ್ಕೊಳ್ಳೋದು ಬೇರೆ. ‘ಅಮ್ಮಂಗೆ ಅದೆಲ್ಲ ಬೇಡ’ ಅಂತ ನಾವು ಎಷ್ಟು ಸಲೀಸಾಗಿ ಹೇಳಿಬಿಡ್ತೀವಿ ನೋಡಿ. ಏನು ಬೇಕು ಅಂತ ಹೇಳಬೇಕಾದವರು ಅವರು. ಅಪಾಯ ಕಡಿಮೆ ಮಾಡೋದು ನಮ್ಮ ಕೆಲಸ. ನಾವು ಕೊನೆಗೆ ಮಾಡಿದ್ದು ಹೀಗೆ: ಪಿಂಚಣಿ ಬರೋ ಅಕೌಂಟನ್ನ ಯುಪಿಐಯಿಂದ ಬಿಡಿಸಿ, ಇನ್ನೊಂದು ಬ್ಯಾಂಕಿನ ಅಕೌಂಟ್ ಸೇರಿಸಿದ್ವಿ. ಅದರಲ್ಲಿ ಅಪ್ಪ ಎರಡು ಮೂರು ಸಾವಿರ ಮಾತ್ರ ಇಟ್ಕೋತಾರೆ. ಖಾಲಿ ಆದ್ರೆ ಬ್ಯಾಂಕಿಗೆ ಹೋದಾಗ ತಾವೇ ತುಂಬ್ತಾರೆ. ಏನಾದ್ರೂ ಎಡವಟ್ಟಾದ್ರೆ ಹೋಗೋದು ಅಷ್ಟೇ.

ಈಗ ಹೋಮ್ ಸ್ಕ್ರೀನ್ ಹೀಗಿದೆ. ಮೇಲಿನ ಸಾಲಲ್ಲಿ ಮೂರು ಮುಖ: ಅಣ್ಣ, ದೊಡ್ಡಕ್ಕ, ಮೆಕ್ಯಾನಿಕ್. ಇವು `Direct dial` ವಿಜೆಟ್, ಮುಖ ಒತ್ತಿದ್ರೆ ನೇರ ಕಾಲ್ ಹೋಗುತ್ತೆ. ಫೋಟೋ ಹಾಕುವಾಗ ಮುಖ ಮಾತ್ರ ಕಾಣೋ ಹಾಗೆ ಕತ್ತರಿಸಿ. ದೇವಸ್ಥಾನದ ಮುಂದೆ ನಿಂತ ಪೂರ್ತಿ ಫೋಟೋ ಹಾಕಿದ್ರೆ ಆ ಚಿಕ್ಕ ಚೌಕದಲ್ಲಿ ಗೋಪುರವೇ ಕಾಣೋದು. ಮಧ್ಯದಲ್ಲಿ ಯುಪಿಐ, ಯೂಟ್ಯೂಬ್, ಎರಡರ ನಡುವೆ ಜಾಗ ಖಾಲಿ. ಕೆಳಗಡೆ ಸಾಲಲ್ಲಿ ಎಡತುದಿಗೆ ಫೋನ್, ಬಲತುದಿಗೆ ವಾಟ್ಸಾಪ್, ಅಪ್ಪನಿಗೆ ಗೊತ್ತಿರೋ ಹಳೇ ಜಾಗಗಳಲ್ಲೇ.

ಪಕ್ಕಪಕ್ಕ ಒತ್ತೊತ್ತಾಗಿ ಇಡಬೇಡಿ. ಒತ್ತೋ ಜಾಗ ಕಡಿಮೆ ಅಂದ್ರೂ 48dp, ಅಂದ್ರೆ ಸುಮಾರು 9 ಮಿಲಿಮೀಟರ್ ಇರಬೇಕು ಅನ್ನೋದು ಆಂಡ್ರಾಯ್ಡ್ ಆ್ಯಪ್ ಮಾಡೋರಿಗೆ ಇರೋ ಸಲಹೆ. ಅಪ್ಪನ ಬೆರಳು ಅದಕ್ಕಿಂತ ದಪ್ಪ. ನಡುವೆ ಒಂದು ಖಾಲಿ ಜಾಗ ಬಿಟ್ರೆ ಗುರಿ ತಪ್ಪಿದ್ರೂ ಪಕ್ಕದ್ದು ತೆರೆಯಲ್ಲ.

ಟಾರ್ಚನ್ನ ಮೇಲಿಂದ ಎಳೆದ್ರೆ ಬರೋ ಪಟ್ಟೀಲಿ ಮೊದಲನೇ ಬಟನ್ ಮಾಡಿದೆ. ಒಂದು ಎಳೆತ, ಒಂದು ಒತ್ತು. ಕತ್ತಲಲ್ಲಿ ಅಷ್ಟು ಸಾಕು.

5/7: ಅಕ್ಷರ ಎಷ್ಟು ದೊಡ್ಡದಿರಬೇಕು?

‘ಎಷ್ಟಾಗುತ್ತೋ ಅಷ್ಟು’ ಅನ್ನೋದು ತಪ್ಪು ಉತ್ತರ. ನಾನು ಮಾಡಿದ್ದು ಅದನ್ನೇ.

ಇಲ್ಲಿ ಎರಡು ಬೇರೆ ಬೇರೆ ಸೆಟ್ಟಿಂಗ್ ಇವೆ. `Font size and style` ಅಕ್ಷರವನ್ನ ಮಾತ್ರ ದೊಡ್ಡದು ಮಾಡುತ್ತೆ. `Screen zoom` ಬಟನ್, ಚಿತ್ರ, ಅಕ್ಷರ ಎಲ್ಲವನ್ನೂ ದೊಡ್ಡದು ಮಾಡುತ್ತೆ. ಎರಡನ್ನೂ ತುದಿಗೆ ಎಳೆದ್ರೆ ಒಂದರ ಮೇಲೊಂದು ಸೇರ್ಕೊಂಡು ಸ್ಕ್ರೀನಲ್ಲಿ ಜಾಗವೇ ಇರಲ್ಲ. ಅಪ್ಪನ ಫೋನಲ್ಲಿ ಏನಾಗಿತ್ತು ಗೊತ್ತಾ? ಯುಪಿಐಲಿ ದುಡ್ಡು ಯಾರಿಗೆ ಹೋಗ್ತಿದೆ ಅನ್ನೋ ಹೆಸರು ಅರ್ಧಕ್ಕೇ ನಿಂತು ಮುಂದೆ ಮೂರು ಚುಕ್ಕಿ ಬರ್ತಿತ್ತು. ಅಂಗಡಿಯವರ ಹೆಸರು ಸರಿಯಾಗಿದೆಯಾ ಅಂತ ನೋಡೋಕೆ ಇರೋದು ಅದೊಂದೇ ಜಾಗ, ಅದೇ ಮುಚ್ಚಿಹೋಗಿತ್ತು. ಅಕ್ಷರ ದೊಡ್ಡದಾಯ್ತು, ಓದೋಕೆ ಸಿಗೋದು ಕಡಿಮೆ ಆಯ್ತು.

ಎರಡನೇ ಸಲ ಹೀಗೆ ಮಾಡಿದ್ವಿ. ಬ್ಯಾಂಕಿನ ಒಂದು ಎಸ್ಸೆಮ್ಮೆಸ್ ತೆರೆದು ಫೋನನ್ನ ಅಪ್ಪನ ಕೈಗೆ ಕೊಟ್ಟೆ. ಅವರು ಯಾವಾಗಲೂ ಹಿಡಿಯೋ ದೂರ, ಯಾವಾಗಲೂ ಹಾಕೋ ಕನ್ನಡಕ. ಅಕ್ಷರವನ್ನ ಅತಿ ದೊಡ್ಡದರಿಂದ ಶುರು ಮಾಡಿ ಒಂದೊಂದೇ ಹಂತ ಇಳಿಸ್ತಾ, ಪ್ರತಿ ಸಲ ಜೋರಾಗಿ ಓದಿಸಿದೆ. ‘ಕಾಣ್ತಿದೆಯಾ?’ ಅಂತ ಕೇಳಬೇಡಿ, ಎಲ್ಲರೂ ಹೂಂ ಅಂತಾರೆ. ಓದಿಸಿ. ಯಾವ ಹಂತದಲ್ಲಿ ಫೋನನ್ನ ಹತ್ತಿರ ತಗೊಂಡ್ರೋ, ಅದಕ್ಕಿಂತ ಒಂದು ಹಂತ ಮೇಲೆ ನಿಲ್ಲಿಸಿದೆ. ಜೂಮ್ ಅನ್ನ ನಡುವಲ್ಲಿ ಬಿಟ್ಟೆ. ಆಮೇಲೆ ಮೂರು ಕಡೆ ನೋಡಿದ್ವಿ: ಎಸ್ಸೆಮ್ಮೆಸ್, ಕಾಲ್ ಬಂದಾಗಿನ ಸ್ಕ್ರೀನ್, ಯುಪಿಐಲಿ ಹೆಸರು ಮತ್ತು ಮೊತ್ತ. ಮೂರರಲ್ಲೂ ಎಲ್ಲ ಕಂಡ್ರೆ ಪಾಸ್.

ಕನ್ನಡದಲ್ಲಿ ಓದಿಸೋದು ಇನ್ನೂ ಮುಖ್ಯ. ನಮ್ಮ ಲಿಪೀಲಿ ದ–ಧ, ಬ–ಭ, ಪ–ಫ ಬೇರೆ ಆಗೋದು ಕೆಳಗಿನ ಒಂದು ಚಿಕ್ಕ ಸೀಳಿಂದ. ಒತ್ತಕ್ಷರ ಬೇರೆ ಚಿಕ್ಕದಾಗಿ ಕೆಳಗೆ ಕೂತಿರುತ್ತೆ. ನಾನು `Bold font` ಆನ್ ಮಾಡಿದ್ದೆ, ದಪ್ಪ ಇದ್ರೆ ಚೆನ್ನಾಗಿ ಕಾಣುತ್ತೆ ಅಂತ. ಅಪ್ಪ ಒಂದು ಮೆಸೇಜ್ ಓದಿ ‘ಅದ್ಯಾವುದೋ ದನ ಸಹಾಯ ಯೋಜನೆ ಅಂತೆ, ದನ ಕೊಡ್ತಾರೇನೋ’ ಅಂದ್ರು. ಅದು ಧನ ಸಹಾಯ! ದಪ್ಪ ಗೆರೆ ಆ ಸೀಳನ್ನೇ ತುಂಬಿಬಿಟ್ಟಿತ್ತು. ಬೋಲ್ಡ್ ಆಫ್ ಮಾಡಿದ ಮೇಲೆ ದನ ಹೋಗಿ ಧನ ಬಂತು. ಇಂಗ್ಲಿಷಿಗೆ ಒಳ್ಳೇದು ಅನ್ನೋ ಸಲಹೆಯೆಲ್ಲ ಕನ್ನಡಕ್ಕೆ ಹಾಗೇ ಕೂರಲ್ಲ.

6/7: ವಾಲ್‌ಪೇಪರ್ ಮತ್ತು ದೊಡ್ಡಕ್ಕನ ಮದುವೆ

ಅಪ್ಪನ ಹೋಮ್ ಸ್ಕ್ರೀನ್ ಹಿಂದೆ ದೊಡ್ಡಕ್ಕನ ಮದುವೆ ಫೋಟೋ ಇತ್ತು. ಹಳದಿ ಸೀರೆ, ಬಿಳಿ ಪಂಚೆ, ಮಲ್ಲಿಗೆ ಹಾರ. ಅದರ ಮೇಲೆ ಐಕಾನ್ ಹೆಸರುಗಳು ಬಿಳಿ ಅಕ್ಷರದಲ್ಲಿ. ಯಾರಿಗೆ ಕಾಣುತ್ತೆ ಹೇಳಿ?

ಅಕ್ಷರ ಕಾಣೋದಕ್ಕೆ ಗಾತ್ರದಷ್ಟೇ ಮುಖ್ಯ ಅಕ್ಷರಕ್ಕೂ ಹಿನ್ನೆಲೆಗೂ ಇರೋ ಬೆಳಕಿನ ವ್ಯತ್ಯಾಸ. ವೆಬ್ ಪುಟಗಳಿಗೆ ಇರೋ ಅಂತರರಾಷ್ಟ್ರೀಯ ಮಾರ್ಗಸೂಚಿ WCAG ಪ್ರಕಾರ ಸಾಮಾನ್ಯ ಅಕ್ಷರಕ್ಕೆ ಈ ಅನುಪಾತ ಕಡಿಮೆ ಅಂದ್ರೂ 4.5:1 ಇರಬೇಕು, ಇನ್ನೂ ಮೇಲಿನ ಮಟ್ಟಕ್ಕೆ 7:1. ಬಿಳಿ ಮೇಲೆ ಅಚ್ಚ ಕಪ್ಪು 21:1. ಹಳದಿ ಸೀರೆ ಮೇಲಿನ ಬಿಳಿ ಅಕ್ಷರ ಇದರ ಹತ್ತಿರಕ್ಕೂ ಬರಲ್ಲ. ವಯಸ್ಸಾದ ಹಾಗೆ ಕಣ್ಣಿನ ಪಾಪೆ ಚಿಕ್ಕದಾಗಿ ಒಳಗೆ ಹೋಗೋ ಬೆಳಕು ಕಡಿಮೆ ಆಗುತ್ತೆ. ಪೊರೆ ಇದ್ರೆ ಬೆಳಕು ಚದುರಿ ಎಲ್ಲದರ ಮೇಲೂ ಮಂಜು ಎಳೆದ ಹಾಗಿರುತ್ತೆ. ನಮಗೆ ಸ್ಟೈಲಾಗಿ ಕಾಣೋ ತಿಳಿ ಬೂದು ಅಕ್ಷರ ಅವರ ಪಾಲಿಗೆ ಇಲ್ಲವೇ ಇಲ್ಲ.

ಫೋಟೋ ತೆಗೆಯೋಕೆ ಅಪ್ಪನಿಗೆ ಮನಸ್ಸಿರಲಿಲ್ಲ. ಲಾಕ್ ಸ್ಕ್ರೀನಿಗೆ ಹಾಕೋಣ, ಫೋನ್ ಎತ್ತಿದ ತಕ್ಷಣ ಕಾಣುತ್ತೆ ಅಂದೆ, ಒಪ್ಪಿದ್ರು. ಹೋಮ್ ಸ್ಕ್ರೀನಿಗೆ ಅಚ್ಚ ಕಪ್ಪು. ಅದೊಂದರಿಂದಲೇ ಹೆಸರುಗಳು ಎದ್ದು ಬಂದವು.

ಆಮೇಲೆ `Settings > Accessibility > Vision enhancements > High contrast fonts`. ಬೇರೆ ಆಂಡ್ರಾಯ್ಡಲ್ಲಿ ಇದರ ಹೆಸರು `High contrast text`, ತೀರಾ ಹೊಸದರಲ್ಲಿ `Outline text`. ಇದು ತಿಳಿ ಬಣ್ಣದ ಅಕ್ಷರಗಳನ್ನ ಬಿಳಿ ಅಥವಾ ಕಪ್ಪು ಮಾಡಿ ಸುತ್ತ ಎದುರು ಬಣ್ಣದ ಅಂಚು ಕಟ್ಟುತ್ತೆ. ನಮ್ಮ ಕಣ್ಣಿಗೆ ಸ್ವಲ್ಪ ಒರಟು, ಪರವಾಗಿಲ್ಲ. ಮಿತಿಯೂ ಇದೆ: ಚಿತ್ರದೊಳಗಿನ ಅಕ್ಷರಕ್ಕೆ ಇದು ತಾಗಲ್ಲ. ಕೊಬ್ಬರಿ ರೇಟು ಗ್ರೂಪಲ್ಲಿ ಬರೋದು ಬೋರ್ಡಿನ ಫೋಟೋ ಆಗಿ. ಅದಕ್ಕೆ ಎರಡು ಬೆರಳಲ್ಲಿ ಹಿಗ್ಗಿಸೋದನ್ನ ಕಲಿಸಿದೆ. ನಾಲ್ಕು ಸಲ ನಾನು ಹೇಳ್ತಾ, ಅಪ್ಪ ಮಾಡ್ತಾ.

‘ಡಾರ್ಕ್ ಮೋಡ್ ಕಣ್ಣಿಗೆ ಒಳ್ಳೇದು’ ಅಂತ ಎಲ್ಲರಿಗೂ ಹಾಕಬೇಡಿ. ಪೊರೆ ಇದ್ದವರಿಗೆ ಬಿಳಿ ಹಿನ್ನೆಲೆ ಕಣ್ಣು ಕುಕ್ಕಬಹುದು, ಅಂಥವರಿಗೆ ಕಪ್ಪು ಹಿತ. ಇನ್ನು ಕೆಲವರಿಗೆ ಕಪ್ಪಿನ ಮೇಲಿನ ಬಿಳಿ ಅಕ್ಷರದ ಅಂಚು ಚೆಲ್ಲಿದ ಹಾಗೆ ಕಾಣುತ್ತೆ. ಎರಡನ್ನೂ ಹಾಕಿ ತೋರಿಸಿದೆ, ಹಗಲು ಅಂಗಳದಲ್ಲಿ ಒಂದ್ಸಲ, ರಾತ್ರಿ ಟ್ಯೂಬ್‌ಲೈಟಲ್ಲಿ ಒಂದ್ಸಲ. ಅಪ್ಪ ಬಿಳಿ ಹಿನ್ನೆಲೆಯೇ ಇರಲಿ ಅಂದ್ರು. ಹೊತ್ತಿಗೆ ತಕ್ಕ ಹಾಗೆ ಫೋನ್ ತಾನಾಗೇ ಬಣ್ಣ ಬದಲಿಸೋದೂ ಬೇಡ ಅಂದ್ರು: ‘ಸಂಜೆ ಆದ್ರೆ ಬೇರೆ ಯಾರದ್ದೋ ಫೋನ್ ಥರ ಕಾಣುತ್ತೆ.’

7/7: ಬಸ್ ಹತ್ತೋಕೆ ಮುಂಚೆ

ಎಲ್ಲ ಮುಗಿಸಿ ನಾನು ತೆಂಗಿನ ತೋಟದ ಆ ತುದಿಗೆ ಹೋಗಿ ಅಪ್ಪನಿಗೆ ಐದು ಸಲ ಕಾಲ್ ಮಾಡಿದೆ. ಮೊದಲ ಎರಡು ಕಟ್ ಆದವು. ಕಾಲ್ ಬಂದಾಗ ಹಸಿರು ಬಟನ್ನನ್ನ ಎಳೀಬೇಕು, ಅಪ್ಪ ಒತ್ತುತ್ತಾರೆ. ಎಳೆಯೋಕೆ ಹೋದ್ರೆ ಕೆಂಪಿಗೆ ತಾಗುತ್ತೆ. ಇಷ್ಟು ದಿನ ‘ಅಪ್ಪ ಫೋನ್ ಎತ್ತಲ್ಲ’ ಅಂತ ನಾವು ನಾಲ್ಕೂ ಮಕ್ಕಳು ಗೊಣಗ್ತಿದ್ವಿ.

ವಾಪಸ್ ಬಂದು `Accessibility > Interaction and dexterity > Answering and ending calls` ತೆರೆದು, ವಾಲ್ಯೂಮ್ ಹೆಚ್ಚಿಸೋ ಬಟನ್ ಒತ್ತಿದ್ರೆ ಕಾಲ್ ತಗೊಳ್ಳೋ ಹಾಗೆ ಮಾಡಿದೆ. ಅದು ಬೆರಳಿಗೆ ಸಿಗೋ ನಿಜವಾದ ಬಟನ್ನು, ಕಣ್ಣೇ ಬೇಡ. ಅಲ್ಲೇ ಪಕ್ಕದ ಬಟನ್ನಿಂದ ಕಾಲ್ ಮುಗಿಸೋ ಆಯ್ಕೆಯೂ ಇದೆ. ಅದನ್ನ ಆನ್ ಮಾಡಲಿಲ್ಲ, ಫೋನ್ ಹಿಡಿಯುವಾಗ ಅಪ್ಪನ ಹೆಬ್ಬೆರಳು ಅಲ್ಲೇ ಇರುತ್ತೆ. ಹಾಗೇ `Display > Navigation bar` ಅಲ್ಲಿ Buttons ಆರಿಸಿ, ಕೆಳಗೆ ಮೂರು ಬಟನ್ ತಂದಿಟ್ಟೆ. ಎಲ್ಲಿ ಸಿಕ್ಕಿಹಾಕ್ಕೊಂಡ್ರೂ ನಡುವಿನದು ಒತ್ತಿದ್ರೆ ಮನೆಗೆ ವಾಪಸ್. ಮತ್ತೆ ಐದು ಕಾಲ್. ಐದನ್ನೂ ಎತ್ತಿದ್ರು. ಆಮೇಲೆ ಅವರೇ ನನಗೊಂದು ಮಾಡಿದ್ರು. ಆಗ ಬೀಗ ಹಾಕಿದೆ.

ಭಾಷೆಯನ್ನ ಕನ್ನಡಕ್ಕೆ ಬದಲಿಸಿದ್ದು ಎಲ್ಲಕ್ಕಿಂತ ಕೊನೆಗೆ, ಯಾಕಂದ್ರೆ ಆಮೇಲೆ ನನಗೇ ಯಾವ ಸೆಟ್ಟಿಂಗೂ ಸಿಗಲ್ಲ 🙂 ಹೆಸರುಗಳು ಉದ್ದ ಆಗಿ ತುಂಡಾಗಿವೆಯಾ ಅಂತ ಹೋಮ್ ಸ್ಕ್ರೀನ್ ಇನ್ನೊಂದು ಸಲ ನೋಡ್ಕೊಂಡೆ.

ಇದು ಒಂದು ಸಲಕ್ಕೆ ಮುಗಿಯೋದಲ್ಲ. ಸಾಫ್ಟ್‌ವೇರ್ ಅಪ್‌ಡೇಟ್ ಬಂದ್ರೆ ಕಾಲ್ ಸ್ಕ್ರೀನ್ ಬದಲಾಗಬಹುದು. ಅಪ್ಪನ ಎಡಗಣ್ಣಿಗೆ ಆಪರೇಷನ್ ಆದ್ಮೇಲೆ ಓದಿಸೋ ಪರೀಕ್ಷೆಯನ್ನ ಮೊದಲಿಂದ ಮಾಡಬೇಕು. ಹಾಗಾಗಿ ಊರಿಗೆ ಹೋದಾಗೆಲ್ಲ ಐದು ಕಾಲ್ ಮಾಡ್ತೀನಿ. ಎತ್ತದೇ ಇದ್ರೆ ಏನೋ ಬದಲಾಗಿದೆ ಅಂತ ಲೆಕ್ಕ. ಆಗಲೂ ಫೋನನ್ನ ಇಸ್ಕೊಳ್ಳಲ್ಲ. ಅವರ ಕೈಯಲ್ಲೇ ಇರುತ್ತೆ, ನಾನು ಪಕ್ಕದಲ್ಲಿ ಕೂತು ಹೇಳ್ತೀನಿ, ಅವರು ಒತ್ತುತ್ತಾರೆ. ಹತ್ತು ನಿಮಿಷದ್ದು ಒಂದು ಗಂಟೆ ಹಿಡಿಯುತ್ತೆ. ಹಿಡೀಲಿ.

ಈ ವಾರ ಮನೆಗೆ ಹೋಗೋರು ಏನನ್ನೂ ಬದಲಾಯಿಸೋಕೆ ಮುಂಚೆ ಒಂದು ದಿನ ಸುಮ್ನೆ ನೋಡಿ. ನಿಮ್ಮಪ್ಪ ಅಮ್ಮ ನಿಜವಾಗಲೂ ಬಳಸೋದು ಯಾವ ಯಾವುದು ಅಂತ ಬರ್ಕೊಂಡು ಕಾಮೆಂಟಲ್ಲಿ ಹಾಕಿ. ನಿಮ್ಮ ಅಂದಾಜಿಗೂ ಅದಕ್ಕೂ ಎಷ್ಟು ದೂರ ಇತ್ತು ಅನ್ನೋದನ್ನೂ ಹೇಳಿ.

ನಿನ್ನೆ ಸಂಜೆ ಕ್ಲಾಸ್ ಮುಗಿಸಿ ಬರ್ತಿದ್ದೆ. ಅಪ್ಪನ ಕಾಲ್. ಏನಾಯ್ತೋ ಅಂತ ಗಾಬರಿಯಲ್ಲಿ ಎತ್ತಿದ್ರೆ, ‘ಏನಿಲ್ಲ ಮಗ, ಕೊಬ್ಬರಿ ರೇಟ್ ನೋಡ್ತಿದ್ದೆ, ಹಾಗೇ ಮಾಡ್ದೆ’ ಅಂದ್ರು.

#ಅಪ್ಪನಫೋನು #ದೊಡ್ಡಅಕ್ಷರ #ಕನ್ನಡದಲ್ಲೇ